ಸೆರಗು ಕೋಟಿನ ಮೇಲೆ: ಟೊರೊಂಟೊ ಚಳಿಗೆ ನಾನು ಹೊಲಿದ ಕೋಟು

ಕಲಬುರಗಿಯಲ್ಲಿ 22 ವರ್ಷದಿಂದ ಬ್ಲೌಸ್ ಹೊಲಿಯುತ್ತಿದ್ದೇನೆ. ಉಣ್ಣೆ ಕೋಟು ಮಾತ್ರ ಹೊಲಿದಿರಲಿಲ್ಲ. ನಮ್ಮ ಊರಿನ ಬಿಸಿಲಿಗೆ ಅದನ್ನು ಯಾರು ಹಾಕ್ತಾರೆ? ಮಗಳು ಟೊರೊಂಟೊಗೆ ಹೋದ ಮೇಲೆ ಈ ತಲೆನೋವು ಶುರುವಾಯಿತು. ಮೊದಲ ಎಳ್ಳಮಾವಾಸ್ಯೆಗೆ ಇಳಕಲ್ ಸೀರೆ ಉಟ್ಟು ಫೋಟೊ ಕಳಿಸಿದಳು. ಫೋಟೊದಲ್ಲಿ ಕಂಡದ್ದು ದಪ್ಪನೆಯ ಉಬ್ಬು ಜಾಕೆಟ್ಟು, ಅದರ ಕೆಳಗೆ ನಾಲ್ಕು ಬೆರಳು ಸೀರೆ. ಟೋಪಿ ತೆನಿ ಸೆರಗು ಒಳಗೆಲ್ಲೋ ಮುದುಡಿ ಬಿದ್ದಿತ್ತು.

ಪಕ್ಕದ ಅಂಗಡಿಯ ಸೂಟ್ ಮಾಸ್ಟರಿಗೆ ಹೇಳಿದರೆ ನಕ್ಕರು. "ಅಕ್ಕೋರೆ, ಕೋಟಿನ ಮ್ಯಾಲ ಸೆರಗ ಹಾಕ್ಲಿಕ್ಕಿ ಬರಲ್ರಿ. ಸೀರಿ ತೋರಿಸಬೇಕಂದ್ರ ಚಳಿ ತಡಕೋಬೇಕು, ಅಷ್ಟೇ." ಆ ಮಾತು ತಲೆಯಲ್ಲಿ ಕೂತುಬಿಟ್ಟಿತು.

ಮೊದಲ ಕೋಟನ್ನು ಕುರಿ ಕಂಬಳಿಯಿಂದಲೇ ಹೊಲಿದೆ. ನಮ್ಮ ಕಡೆ ಸುಲಭವಾಗಿ ಸಿಗುತ್ತದೆ, ಬೆಚ್ಚಗೂ ಇರುತ್ತದೆ ಅಂತ. ಶುದ್ಧ ದಡ್ಡತನ. ನಮ್ಮ ದಖನಿ ಕುರಿಯ ಉಣ್ಣೆ ಒರಟು. ಅಸ್ತರು ಹಾಕಿದರೂ ಕೂದಲು ಚುಚ್ಚಿ ಹೊರಗೆ ಬಂತು, ಜರಿ ಅಂಚಿಗೆ ಸಿಕ್ಕಿಕೊಂಡಿತು. ತೂಕ ಮೂರು ಕಿಲೋ ಹತ್ತಿರ ಹತ್ತಿರ. ಕೊರಿಯರ್ ಖರ್ಚೇ ಆರೇಳು ಸಾವಿರ ಆಯಿತು. ಹಿಮ ಬಿದ್ದು ಒದ್ದೆಯಾದಾಗ ಕುರಿದೊಡ್ಡಿ ವಾಸನೆ ಬಂತಂತೆ. "ಅವ್ವಾ, ಬಸ್ಸಿನ್ಯಾಗ ಮಂದಿ ಸರದು ಕುಂತ್ರು" ಅಂದಳು ಮಗಳು. ಅದು ಈಗ ಅಲ್ಲಿ ಅವರ ಬಾಗಿಲ ಮುಂದೆ ಕಾಲೊರೆಸುವ ಚಾಪೆಯಾಗಿದೆ.

ಎರಡನೆಯದಕ್ಕೆ ಹೈದರಾಬಾದಿನಿಂದ ಒತ್ತಾದ ಉಣ್ಣೆ ಬಟ್ಟೆ ತರಿಸಿದೆ. ಮೀಟರಿಗೆ 900ರ ಆಸುಪಾಸು, ಮೂರು ಮೀಟರು. ಬಟ್ಟೆ ಸರಿ ಇತ್ತು, ಅಳತೆ ತಪ್ಪಿತು. ಅಕ್ಟೋಬರಿನ ಸೆಕೆಯಲ್ಲಿ ಫ್ಯಾನ್ ಕೆಳಗೆ ನಿಂತು, ತೆಳು ಬ್ಲೌಸಿನ ಮೇಲೆ ಟ್ರಯಲ್ ನೋಡಿದ್ದೆ. ಅಲ್ಲಿ ಅವಳು ಒಳಗೆ ಥರ್ಮಲ್ ಹಾಕಿ, ಅದರ ಮೇಲೆ ತುಂಬುತೋಳಿನ ಬ್ಲೌಸ್ ಹಾಕುತ್ತಾಳೆ. ಕಂಕುಳು 17 ಇಂಚು ಇಟ್ಟಿದ್ದೆ, ಕೈ ಎತ್ತಲು ಬರಲಿಲ್ಲ. ಈಗ 20ಕ್ಕೆ ಕಡಿಮೆ ಇಡುವುದಿಲ್ಲ. ಎದೆ ಸುತ್ತಳತೆಗೆ ಆರೇಳು ಇಂಚು ಸಡಿಲು ಬಿಡುತ್ತೇನೆ. ಟ್ರಯಲ್ ಕೊಡುವಾಗ ಒಳಗಿನ ಬಟ್ಟೆಯೆಲ್ಲ ಹಾಕಿಕೊಂಡೇ ನಿಲ್ಲಬೇಕು. ಕಲಬುರಗಿಯಲ್ಲಿ ಅದು ಐದು ನಿಮಿಷದ ಶಿಕ್ಷೆ. ಬೆವರು ಬಂದರೂ ಬಿಡಬಾರದು.

ಮೂರನೆಯದಕ್ಕೆ ಕತ್ತರಿ ಹಾಕುವ ಮುಂಚೆ ಸೀರೆ ಉಟ್ಟು ಕನ್ನಡಿ ಮುಂದೆ ನಿಂತೆ. ಸೆರಗು ಬಲ ಸೊಂಟದಿಂದ ಮೇಲೆದ್ದು ಎದೆ ದಾಟಿ ಎಡ ಹೆಗಲಿಗೆ ಹೋಗುತ್ತದೆ, ಅಲ್ವಾ? ಹಾಗಾದರೆ ಕೋಟಿನ ಬಲ ಪಾಲು ಸೆರಗಿನ ಮೇಲೆ ಕೂರಲಿ, ಎಡ ಪಾಲು ಸೆರಗಿನ ಕೆಳಗೆ ಹೋಗಲಿ. ಸೆರಗು ಎರಡು ಪಾಲಿನ ನಡುವೆ ಹೊರಗೆ ಬಂದು ಎಡ ಹೆಗಲನ್ನು ಏರಲಿ. ಎದೆಯ ಮೇಲೆ ಗುಂಡಿ ಹಾಕಿದರೆ ಸೆರಗು ಸಿಕ್ಕಿಬೀಳುತ್ತದೆ. ಆದರೆ ಸೆರಗಿನ ಕೆಳಂಚಿನ ಕೆಳಗೆ, ಹೊಕ್ಕುಳಿನ ಹತ್ತಿರ, ಎರಡು ಪಾಲೂ ಒಂದಕ್ಕೊಂದು ಸಿಗುತ್ತವೆ. ಅಲ್ಲಿ ಒಂದೇ ಒಂದು ದಪ್ಪ ಹುಕ್ಕು. ಅದಕ್ಕಿಂತ ಕೆಳಗೆ ಮುಂಭಾಗವನ್ನು ಓರೆಯಾಗಿ ಕತ್ತರಿಸಿ ಬಿಟ್ಟೆ. ಅಂಚಿನ ಹತ್ತಿರ ಹನ್ನೊಂದು ಇಂಚಿನ ಬಾಯಿ ಇರುತ್ತದೆ, ನೆರಿಗೆ ಪೂರ್ತಿ ಕಾಣುತ್ತದೆ. ಉದ್ದ ಹೆಗಲಿಂದ 36 ಇಂಚು. ಅವಳ ಎತ್ತರಕ್ಕೆ ಕೆಳಗೆ ಒಂದೂವರೆ ಅಡಿಯ ಹತ್ತಿರ ಸೀರೆ ಉಳಿಯಿತು.

ಸೆರಗು ಜಾರದಂತೆ ಹಿಡಿಯುವುದೇ ದೊಡ್ಡ ಕೆಲಸವಾಯಿತು. ಉಣ್ಣೆಗೆ ಸ್ವಲ್ಪ ಹಿಡಿತ ಇರುತ್ತದೆ, ಆದರೆ ಗಾಳಿಗೆ ಅದು ಸಾಲದು. ಪಿನ್ನು ಹಾಕಿದರೆ ದಪ್ಪ ಬಟ್ಟೆಯಲ್ಲಿ ಬಗ್ಗುತ್ತದೆ, ಸೆರಗಿಗೆ ತೂತು ಬೀಳುತ್ತದೆ. ಉಬ್ಬು ಜಾಕೆಟ್ಟಿಗೆ ಪಿನ್ನು ಚುಚ್ಚಿ ಒಳಗಿನ ಗರಿ ಹೊರಗೆ ಬಂದದ್ದು ಮಗಳ ಹಳೆಯ ಕಥೆ. ಒಂದು ದಿನ ಪೊಲೀಸರ ಹೆಗಲ ಪಟ್ಟಿ ನೋಡಿ ಹೊಳೆಯಿತು. ಎಡ ಹೆಗಲ ಮೇಲೆ ಅದೇ ಉಣ್ಣೆಯ ಪಟ್ಟಿ ಹೊಲಿದೆ. ಒಂದು ತುದಿ ತೋಳಿನ ಹೊಲಿಗೆಯಲ್ಲಿ, ಇನ್ನೊಂದು ತುದಿ ಕತ್ತಿನ ಹತ್ತಿರ ಗುಂಡಿಗೆ. ಮಡಿಸಿದ ಸೆರಗು ಅದರ ಕೆಳಗೆ ಹೋಗಬೇಕು. ಒಳಗೆ ಹೋದಾಗ ಗುಂಡಿ ಬಿಚ್ಚಿದರೆ ಸೆರಗು ಬಿಡುಗಡೆ, ಕೋಟು ತೆಗೆದು ನೇತು ಹಾಕಬಹುದು. ಪಟ್ಟಿಯ ಒಳಮೈಗೆ ಏನು ಹಚ್ಚಿದ್ದೇನೆ ಅನ್ನೋದನ್ನು ಇಲ್ಲಿ ಹೇಳೋದಿಲ್ಲ. ಅದರಿಂದಲೇ ನನಗೆ ನಾಲ್ಕು ಆರ್ಡರು ಬಂದಿವೆ.

ಕೋಟಿನ ದಪ್ಪವೇ ಸೆರಗನ್ನು ಒಂದು ಗೇಣು ತಿನ್ನುತ್ತದೆ. ಹಾಗಾಗಿ ಆರು ನೆರಿಗೆಯ ಬದಲು ಐದು ಹಿಡಿಯಲು ಹೇಳಿದೆ. ಮೊದಲ ಸಲ ಹೇಳಲು ಮರೆತಿದ್ದೆ, ಸೆರಗು ಹಿಂದೆ ಸೊಂಟದವರೆಗೂ ಬರಲಿಲ್ಲ.

ನಡುವೆ ಒಂದು ಚಪಲವೂ ಬಂತು. ಹೆಗಲ ಪಟ್ಟಿಗೆ ಪ್ಲಾಸ್ಟಿಕ್ ಗುಂಡಿ ಯಾಕೆ, ಬಿದರಿಯದು ಹಾಕೋಣ ಅಂತ ಬೀದರಿಗೆ ಹೋದೆ. ಕಪ್ಪು ಮೈ, ಬೆಳ್ಳಿ ಬಳ್ಳಿ, ಅಂಗೈ ಅರ್ಧದಷ್ಟು ದೊಡ್ಡದು, 800 ರೂಪಾಯಿ ಕೊಟ್ಟ ನೆನಪು. ಕೆಂಪು ಸೆರಗಿನ ಮೇಲೆ ಏನು ಕಳೆ ಅಂತೀರಿ! ಆದರೆ ಬಿದರಿಯಲ್ಲಿ ಜಾಸ್ತಿ ಇರೋದು ಸತುವು, ಭಾರ. ಎರಡು ದಿನಕ್ಕೆ ಪಟ್ಟಿ ಜೋತುಬಿತ್ತು, ಕಾಜಾ ಹರಿಯಿತು. ಈಗ ಎರಡು ರೂಪಾಯಿ ನಾಣ್ಯದಷ್ಟು ಚಿಕ್ಕದನ್ನು ಬರೀ ಚಂದಕ್ಕೆ ಮೇಲೆ ಹೊಲಿಯುತ್ತೇನೆ. ಹಿಡಿಯುವ ಕೆಲಸ ಒಳಗಿನ ಟಿಚ್ ಬಟನ್ನಿನದು.

ಅಸ್ತರಿನ ವಿಷಯದಲ್ಲೂ ಪೆಟ್ಟು ತಿಂದೆ. ಅಗ್ಗದ ಪಾಲಿಯೆಸ್ಟರ್ ಹಾಕಿದ್ದೆ. ಅಲ್ಲಿ ಚಳಿಗಾಲದಲ್ಲಿ ಹೀಟರು ಉರಿದು ಮನೆಯ ಗಾಳಿ ಒಣಗಿರುತ್ತದೆ. ಕೋಟು ತೆಗೆದರೆ ಚಟಚಟ ಸದ್ದು, ಸೀರೆ ಕಾಲಿಗೆ ಅಂಟಿಕೊಳ್ಳುವುದು. ವಿಸ್ಕೋಸ್ ಅಸ್ತರಿಗೆ ಬದಲಾಯಿಸಿದ ಮೇಲೆ ಬಹಳ ಕಡಿಮೆಯಾಯಿತು. ಲಂಗದ ಒಳ ಹೊಲಿಗೆಗೆ ಒಂದು ಸೇಫ್ಟಿ ಪಿನ್ನು ಚುಚ್ಚಲು ಮಗಳಿಗೆ ಅಲ್ಲಿನ ಗೆಳತಿ ಹೇಳಿಕೊಟ್ಟಳು. ಅದೂ ಕೆಲಸ ಮಾಡುತ್ತದೆ.

ಕಳೆದ ಎಳ್ಳಮಾವಾಸ್ಯೆಗೆ ನಾನೇ ಅಲ್ಲಿದ್ದೆ. ಹೊರಗೆ ಮೈನಸ್ 9. ನಾಲ್ಕು ಮನೆಯವರು ಸೇರಿ ಭಜ್ಜಿ, ಸಜ್ಜೆ ರೊಟ್ಟಿ ಕಟ್ಟಿಕೊಂಡು ಪಾರ್ಕಿಗೆ ಹೋದೆವು. ಹೊಲವಿಲ್ಲ, ಹಿಮದ ಮೇಲೇ ಸುಮ್ನೆ ಒಂದು ಹಿಡಿ ಚರಗ ಚೆಲ್ಲಿದೆವು. ಮಗಳು ಕಪ್ಪು ಕೋಟು, ಹಸಿರು ಇಳಕಲ್. ಹಿಮದ ಬಿಳುಪಿನ ಎದುರು ಕೆಂಪು ಸೆರಗು ಬೆನ್ನ ತುಂಬ. ಮುಕ್ಕಾಲು ಗಂಟೆ ನಿಂತಳು, ಹಲ್ಲು ಕಡಿಯಲಿಲ್ಲ. ಸೊಂಟದ ಮೇಲೆ ಬಾಯಿ ತೆರೆದಿರುವ ಕಡೆ ಸೆರಗಿನ ಎರಡು ಪದರ, ಕೆಳಗೆ ಅಸ್ತರು ಹಾಕಿದ ಮಖಮಲ್ ಬ್ಲೌಸು, ಅದರೊಳಗೆ ಅಗಲ ಕತ್ತಿನ ಥರ್ಮಲ್. ಲಂಗದ ಕೆಳಗೆ ಉಣ್ಣೆಯ ಲೆಗ್ಗಿಂಗ್ಸು, ಬೂಟು. ಫೋಟೊ ಮಾಸ್ಟರಿಗೆ ಕಳಿಸಿದೆ. "ಪಟ್ಟಿ ಭಾರಿ ಐತ್ರಿ" ಅಂತ ಉತ್ತರ ಬಂತು, ಅಷ್ಟೇ. ನನಗೆ ಸಾಕು.

ಸೀರೆಯ ಅಂಚು ಮಾತ್ರ ಹಾಳಾಯಿತು. ಅಲ್ಲಿ ಹಿಮ ಕರಗಲೆಂದು ರಸ್ತೆಗೆ ಉಪ್ಪು ಸುರಿಯುತ್ತಾರೆ. ಆ ರಾಡಿ ತಾಗಿ ಒಣಗಿದ ಕಡೆ ಬಿಳಿ ಗೆರೆ ಉಳಿಯಿತು. ಈಗ ಬೂಟು ಹಾಕಿಯೇ ಸೀರೆ ಉಟ್ಟು, ನೆಲದಿಂದ ಎರಡು ಇಂಚು ಮೇಲೆ ಹಿಡಿಯಲು ಹೇಳುತ್ತೇನೆ.

ಒಂದು ಕೋಟಿಗೆ ಬಟ್ಟೆ, ಅಸ್ತರು, ಗುಂಡಿ ಸೇರಿ ನಾಲ್ಕು ಸಾವಿರ ಬೀಳುತ್ತದೆ. ಹೊಲಿಗೆಗೆ ಎರಡೂವರೆ ತಗೊಳ್ತೀನಿ. ವಿನ್ನಿಪೆಗ್‌ನಿಂದ ಒಬ್ಬಳು ಕೇಳಿದಳು, ಅಲ್ಲಿ ಮೈನಸ್ 25 ಅಂತೆ. ಎದೆ ತೆರೆದ ಕೋಟು ಅಷ್ಟಕ್ಕೆ ತಡೆಯೋದಿಲ್ಲ. "ಬ್ಯಾಡವ್ವಾ, ಜಾಕೆಟ್ ಹಾಕ್ಕೊಂಡು ಹೋಗು, ಒಳಗ ಹೋದ ಮ್ಯಾಲ ಸೀರಿ ಉಡು" ಅಂತ ಹೇಳಿ ಅವಳ ಅಡ್ವಾನ್ಸ್ ವಾಪಸ್ ಕಳಿಸಿದೆ.