‘ಒಪ್ಯಾರ’ ಅಂದದ್ದನ್ನು ‘ಒಪ್ಪಿದರೆ’ ಅಂತ ಅಚ್ಚು ಹಾಕಿದ ಮೇಲೆ

ಬಾಗಲಕೋಟೆಯ ನವನಗರದಲ್ಲಿ ಒಂದು ಸಣ್ಣ ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ನನ್ನ ಕೆಲಸ. ಟೈಪ್ ಮಾಡುವವನೂ ನಾನೇ, ಪ್ರೂಫ್ ನೋಡುವವನೂ ನಾನೇ. ಲಗ್ನಪತ್ರಿಕೆ, ಜಾತ್ರೆಯ ಕರಪತ್ರ, ಅಂಗಡಿ ಬಿಲ್ ಬುಕ್, ಸಂಘದ ವಾರ್ಷಿಕ ವರದಿ ಇಂಥವೇ ಜಾಸ್ತಿ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ಪುರಾಣ ಮುಕ್ತಾಯದ ಕರಪತ್ರ ಬಂತು. ಒಂದು ಸಾಲು ಹೀಗಿರಬೇಕಿತ್ತು: ‘ಪೂಜ್ಯರು ಸಾನ್ನಿಧ್ಯ ವಹಿಸಲು ಒಪ್ಪಿದ್ದಾರೆ.’ ನಾನು ಟೈಪ್ ಮಾಡಿದ್ದು ‘ಒಪ್ಪಿದರೆ’. ಸಾವಿರ ಪ್ರತಿ ಅಚ್ಚಾಗಿ ಹೋಯಿತು.

ಮರುದಿನ ಊರ ಹಿರಿಯರು ಒಬ್ಬರು ಕರಪತ್ರ ಹಿಡಿದುಕೊಂಡೇ ಬಂದರು. “ತಮ್ಮಾ, ಅಜ್ಜಾರು ಒಪ್ಯಾರಂತ ಬರಿ ಅಂದ್ರ, ಒಪ್ಪಿದ್ರ ಬರ್ತಾರ ಅನ್ನೂಹಂಗ ಬರದೀಯಲ್ಲೋ. ಮಂದಿ ಫೋನ್ ಹಚ್ಚಿ ಕೇಳಾಕತ್ತಾರ, ಬರ್ತಾರೋ ಇಲ್ಲೋ ಅಂತ.” ಮತ್ತೆ ಅಚ್ಚು ಹಾಕಿ ಕೊಟ್ಟೆ. ಕಾಗದದ ಖರ್ಚು ನನ್ನ ಪಗಾರದಲ್ಲೇ ಹೋಯಿತು.

ಆ ಮೇಲೆ ನಾನು ಒತ್ತಿನ ತಪ್ಪುಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಲು ಶುರು ಮಾಡಿದೆ. ನನ್ನವು, ಗಿರಾಕಿಗಳು ಬರೆದು ತಂದ ಚೀಟಿಯಲ್ಲಿನವು, ಎಲ್ಲವೂ. ಕೆಲವು ತಿಂಗಳಲ್ಲಿ ಒಂದು ವಿಷಯ ಕಾಣಿಸಿತು. ನಮ್ಮ ಕಡೆಯ ಮಾತು ಕೆಲವು ಕಡೆ ಒತ್ತನ್ನು ಸರಿಯಾಗಿ ಹೇಳಿಕೊಡುತ್ತದೆ. ಕೆಲವು ಕಡೆ ಕೈ ಕೊಡುತ್ತದೆ. ಎಲ್ಲಿ ಕಿವಿಯನ್ನು ನಂಬಬೇಕು, ಎಲ್ಲಿ ನಂಬಬಾರದು ಅಂತ ಗೊತ್ತಾದರೆ ಅರ್ಧ ಕೆಲಸ ಆಯಿತು.

ಮೊದಲು ನಂಬಬಹುದಾದದ್ದು. ಹೊಲದಿಂದ ಬಂದವರು ಹೇಳುವ ಮಾತು ಕೇಳಿ: “ಕಾಲಾಗ ಮುಳ್ಳು, ಕಣ್ಣಾಗ ಮಣ್ಣು.” ‘ಕಾಲು’ ಎಂಬಲ್ಲಿ ಒಂದೇ ಲ. ‘ಕಣ್ಣು’, ‘ಮುಳ್ಳು’, ‘ಮಣ್ಣು’ ಎಂಬಲ್ಲಿ ಒತ್ತು. ಯಾಕೆ? ‘ಕಾ’ ದೀರ್ಘ. ‘ಕ’, ‘ಮು’, ‘ಮ’ ಹ್ರಸ್ವ. ಹಳಗನ್ನಡದಲ್ಲಿ ಇವು ಕಾಲ್, ಕಣ್, ಮುಳ್, ಮಣ್ ಅಂತ ವ್ಯಂಜನದಲ್ಲೇ ನಿಲ್ಲುತ್ತಿದ್ದವು. ಮುಂದೆ ಸ್ವರ ಬಂದಾಗ, ಪದಕ್ಕೆ ಒಂದೇ ಅಕ್ಷರವಿದ್ದು ಅದು ಹ್ರಸ್ವವಾಗಿದ್ದರೆ ಕೊನೆಯ ವ್ಯಂಜನ ಇಮ್ಮಡಿಯಾಗುತ್ತದೆ. ದೀರ್ಘವಾಗಿದ್ದರೆ ಆಗುವುದಿಲ್ಲ. ಪ್ರತ್ಯಯ ಯಾವುದೇ ಬರಲಿ, ಇದು ಬದಲಾಗುವುದಿಲ್ಲ: ಕಲ್ಲಿಗೆ, ಕಲ್ಲಿನಲ್ಲಿ, ಕಲ್ಲನ್ನು. ಆದರೆ ಕಾಲಿಗೆ, ಕಾಲಿನಲ್ಲಿ, ಕಾಲನ್ನು.

ಪದ ಉದ್ದವಾದರೆ ಈ ಇಮ್ಮಡಿ ಇಲ್ಲ. ಬಾಗಿಲಿಗೆ, ಹಗಲಿನಲ್ಲಿ, ನೆರಳಿನಲ್ಲಿ, ಮಗಳಿಗೆ. ಹಾಗಾದರೆ ‘ಅಡಿಗಲ್ಲು’ ಉದ್ದ ಪದ, ಅಲ್ಲೇಕೆ ಒತ್ತು ಅಂತ ಕೇಳಬಹುದು. ಅದು ಅಡಿ ಮತ್ತು ಕಲ್ಲು ಸೇರಿ ಆದದ್ದು. ಕ ಹೋಗಿ ಗ ಬಂದಿದೆ, ಅಷ್ಟೇ. ಒಳಗೆ ಕಲ್ಲು ಕಲ್ಲಾಗಿಯೇ ಇದೆ. ಬೀಸುಕಲ್ಲು, ಮೈಲಿಗಲ್ಲು ಕೂಡ ಹಾಗೇ. ಫ್ಲೆಕ್ಸ್ ಮೇಲೆ ‘ಅಡಿಗಲು ಸಮಾರಂಭ’ ಅಂತ ಬರೆಸಲು ಬಂದವರಿಗೆ ನಾನು ಇಷ್ಟೇ ಹೇಳುವುದು: “ಪೂಜಾ ಮಾಡೂದು ಕಲ್ಲಿಗ್ರೀ, ಕಲಿಗಲ್ಲ.”

ಬೇರೆ ಭಾಷೆಯಿಂದ ಬಂದ ಪದಗಳೂ ಇದೇ ಕಟ್ಟಿಗೆ ಬೀಳುತ್ತವೆ. ಇದು ಗೊತ್ತಾದಾಗ ನನಗೆ ಖುಷಿಯಾಗಿತ್ತು. ನಮ್ಮ ಅಂಗಡಿಯಲ್ಲೇ ನೋಡಿ: ಪ್ರೆಸ್ಸಿಗೆ ಒತ್ತು ಇದೆ, ಪ್ರೂಫಿಗೆ ಇಲ್ಲ. ಪೆನ್ನಿಗೆ ಇದೆ, ಫೋನಿಗೆ ಇಲ್ಲ. ಬಸ್ಸಿಗೆ ಇದೆ, ಕಾರಿಗೆ ಇಲ್ಲ. ‘ಬ್ಯಾಗ್’ ನಾವು ಬರೆಯುವುದು ದೀರ್ಘದ ಗುರುತು ಹಾಕಿ, ಅದಕ್ಕೇ ‘ಬ್ಯಾಗಿಗೆ’. ಮೊದಲೇ ಎರಡು ವ್ಯಂಜನ ಸೇರಿಕೊಂಡಿದ್ದರೆ ಮೂರನೆಯದಕ್ಕೆ ಜಾಗವಿಲ್ಲ: ಲಿಂಕಿಗೆ, ಫ್ಲೆಕ್ಸಿಗೆ. ಇದನ್ನೆಲ್ಲ ಯಾರೂ ಕಲಿಸಿಲ್ಲ. ಹತ್ತನೇ ಇಯತ್ತೆ ಫೇಲಾದವರೂ ‘ಬಸ್ಸಿಗಿ ಹೋಗಾಂವ’ ಅಂತಲೇ ಅನ್ನುತ್ತಾರೆ. ಇಲ್ಲಿ ಬಾಯಲ್ಲಿ ಬಂದದ್ದೇ ಸರಿ.

ಕ್ರಿಯಾಪದದಲ್ಲೂ ಹ್ರಸ್ವ-ದೀರ್ಘದ ಆಟ ನಡೆಯುತ್ತದೆ, ಆದರೆ ಅಷ್ಟು ನೇರವಾಗಿ ಅಲ್ಲ. ಬಿಡು, ಕೊಡು, ಇಡು, ನಗು ಇವು ಬಿಟ್ಟ, ಕೊಟ್ಟ, ಇಟ್ಟ, ನಕ್ಕ ಆಗುತ್ತವೆ. ಮಾಡು, ಹಾಡು, ತೂಗು ಇವು ಮಾಡಿದ, ಹಾಡಿದ, ತೂಗಿದ. ನನಗೆ ಇಷ್ಟವಾದದ್ದು ಬೀಳು ಮತ್ತು ಏಳು. ‘ಬೀ’ ಕುಗ್ಗಿ ‘ಬಿ’ ಆಯಿತು, ಆಗ ಒತ್ತು ಬಂತು: ಬಿದ್ದ. ‘ಏ’ ಕುಗ್ಗಿ ‘ಎ’ ಆಯಿತು: ಎದ್ದ. ಇದು ಗೊತ್ತಿದ್ದರೆ ‘ಬೀದ್ದು’, ‘ಏದ್ದು’ ಅಂತ ಬರೆಯುವುದಿಲ್ಲ. ಚುನಾವಣೆ ಕಾಲದಲ್ಲಿ ಬರುವ ಜೋಡಿ ಗೆದ್ದ ಮತ್ತು ಸೋತ. ಸೋಲು ಎಂಬುದರ ‘ಸೋ’ ಕುಗ್ಗಲಿಲ್ಲ, ಅದಕ್ಕೇ ಒತ್ತೂ ಇಲ್ಲ. ‘ಸೋತ್ತವರು’ ಅಂತ ಒಂದು ಚೀಟಿ ಬಂದಿತ್ತು. ಗೆದ್ದವರ ಒತ್ತು ನೋಡಿ ಸೋತವರಿಗೂ ಒಂದು ಕೊಟ್ಟಿದ್ದರು ಪಾಪ.

ಹಾಗಂತ ಇದನ್ನು ಎಲ್ಲ ಕ್ರಿಯಾಪದಕ್ಕೂ ಹಚ್ಚಲು ಹೋಗಬೇಡಿ. ಬರು ‘ಬಂದ’ ಆಗುತ್ತದೆ, ತಿನ್ನು ‘ತಿಂದ’ ಆಗುತ್ತದೆ. ಅಲ್ಲಿ ಒತ್ತಿನ ಬದಲು ಸೊನ್ನೆ.

ಇನ್ನು ಕಿವಿ ಕೈ ಕೊಡುವ ಜಾಗ. ಕರಪತ್ರದಲ್ಲಿ ನಾನು ಬಿದ್ದದ್ದು ಅಲ್ಲೇ. ನಮ್ಮ ಕಡೆ ‘ಒಪ್ಪಿದ್ದಾರೆ’ ಅಂತ ಯಾರೂ ಮಾತಾಡುವುದಿಲ್ಲ, ‘ಒಪ್ಯಾರ’ ಅನ್ನುತ್ತಾರೆ. ‘ಬಂದಿದ್ದಾರೆ’ ಇಲ್ಲ, ‘ಬಂದಾರ’. ‘ಬರುತ್ತಿದ್ದಾರೆ’ ಇಲ್ಲ, ‘ಬರಾಕತ್ತಾರ’. ಈ ರೂಪಗಳಲ್ಲಿ ‘ದ್ದ’ ಎಂಬ ಸಪ್ಪಳವೇ ಇಲ್ಲ. ಹೀಗಾಗಿ ಬರೆಯಲು ಕುಳಿತಾಗ ಕಿವಿಯಿಂದ ಏನೂ ಸಿಗುವುದಿಲ್ಲ. ‘ಬಂದಿದಾರೆ’, ‘ಬರುತಿದಾರೆ’ ಅಂತ ಬರೆದು ಮುಂದೆ ಹೋಗುತ್ತೇವೆ. ನನ್ನ ನೋಟ್‌ಬುಕ್ಕಿನಲ್ಲಿ ಅತಿ ಹೆಚ್ಚು ಪುಟ ತುಂಬಿದ್ದು ಇದೊಂದೇ ತಪ್ಪು.

ಇದಕ್ಕೆ ನಾನು ಮಾಡುವುದು ಪದವನ್ನು ಒಡೆದು ನೋಡುವುದು. ಒಪ್ಪಿ + ಇದ್ದಾರೆ, ಒಪ್ಪಿದ್ದಾರೆ. ಬಂದು + ಇದ್ದಾರೆ, ಬಂದಿದ್ದಾರೆ. ಬರುತ್ತ + ಇದ್ದಾರೆ, ಬರುತ್ತಿದ್ದಾರೆ. ಕೊನೆಯ ತುಂಡು ‘ಇದ್ದಾರೆ’ ಅಂತ ಒಂಟಿಯಾಗಿ ನಿಲ್ಲುತ್ತದೆಯಾ ಅಂತ ನೋಡಿ. ನಿಂತರೆ ಅದರ ಒತ್ತು ಹಾಗೇ ಉಳಿಯಬೇಕು. ‘ಬರುತ್ತ’ ಎಂಬುದಕ್ಕೆ ತನ್ನದೇ ಒತ್ತು ಬೇರೆ ಇದೆ, ಅದನ್ನೂ ನುಂಗಬಾರದು. ಒಂದೇ ಪದದಲ್ಲಿ ಎರಡು ಒತ್ತು ಬಂದಿವೆ ಅಂತ ಕೆಲವರು ಒಂದನ್ನು ತೆಗೆದುಬಿಡುತ್ತಾರೆ, ನೋಡೋಕೆ ಭಾರ ಅನ್ನಿಸುತ್ತದೋ ಏನೋ.

ಇದೇ ಪದ್ಧತಿ ನನ್ನ ಕರಪತ್ರದ ತಪ್ಪನ್ನೂ ಬಿಡಿಸಿ ತೋರಿಸಿತು. ‘ಒಪ್ಪಿದರೆ’ ಅಂದರೆ ಇನ್ನೂ ಒಪ್ಪಿಲ್ಲ, ಒಪ್ಪಬಹುದು. ‘ಒಪ್ಪಿದ್ದರೆ’ ಅಂದರೆ ಒಪ್ಪಿ + ಇದ್ದರೆ, ಹಿಂದೆ ಒಪ್ಪಿದ್ದಿದ್ದರೆ ಎಂಬ ಅರ್ಥಕ್ಕೂ ಹೊರಳುತ್ತದೆ. ‘ಒಪ್ಪಿದ್ದಾರೆ’ ಅಂದರೆ ಕೆಲಸ ಮುಗಿದಿದೆ. ಮೂರೂ ಸರಿಯಾದ ಕನ್ನಡ ಪದಗಳೇ. ಹೀಗಾಗಿ ಕಂಪ್ಯೂಟರಿನ ಕಾಗುಣಿತ ಪರೀಕ್ಷೆ ಇಲ್ಲಿ ಕೆಂಪು ಗೆರೆ ಎಳೆಯುವುದಿಲ್ಲ. ಸಾಲನ್ನು ಪೂರ್ತಿ ಓದಿಯೇ ಹಿಡಿಯಬೇಕು.

ಇದನ್ನು ನಮ್ಮ ಪ್ರೆಸ್ಸಿಗೆ ಕೆಲಸ ಕಲಿಯಲು ಬಂದ ಹುಡುಗನಿಗೆ ಕಲಿಸಿದೆ. ಎರಡೇ ದಿನಕ್ಕೆ ಅವನು ‘ಮದುವೆ ನಿಶ್ಚಯವಾಗಿದ್ದೆ’ ಅಂತ ಟೈಪ್ ಮಾಡಿದ. “ನೀವ ಹೇಳಿದ್ರೆಲ್ಲ ಅಣ್ಣಾ, ‘ದ್ದ’ ಬಿಡಬ್ಯಾಡ ಅಂತ” ಅಂದ. ತಪ್ಪು ನನ್ನದೇ. ‘ಇದೆ’ ಮತ್ತು ‘ಇವೆ’ ಒಂಟಿಯಾಗಿಯೂ ಒತ್ತಿಲ್ಲದವು ಅಂತ ಹೇಳುವುದನ್ನು ಬಿಟ್ಟಿದ್ದೆ. ಆಗಿ + ಇದೆ, ಆಗಿದೆ. ‘ಆಗಿದ್ದೆ’ ಅಂದರೆ ‘ನಾನು ಆಗಿದ್ದೆ’. ಇಲ್ಲೂ ನಮ್ಮ ಕಿವಿಗೆ ಆಧಾರವಿಲ್ಲ, ನಾವು ಅನ್ನುವುದು ‘ಐತಿ’.

ಉದ್ದದ ವರದಿ ಬಂದರೆ ಓದುವ ಮುಂಚೆ ಹುಡುಕುವ ಪೆಟ್ಟಿಗೆಯಲ್ಲಿ ಈ ತುಂಡುಗಳನ್ನು ಒಂದೊಂದಾಗಿ ಹಾಕುತ್ತೇನೆ:

```
ಿದಾರೆ
ಿದೇನೆ
ುತಿದ್ದ
ುತಾರೆ
```

ಮೊದಲು ನಾನು `ುತಾ` ಅಂತ ಇನ್ನೂ ಚಿಕ್ಕದು ಹಾಕಿ, ಎಲ್ಲವನ್ನೂ ಒಂದೇ ಏಟಿಗೆ `ುತ್ತಾ` ಮಾಡಿಬಿಟ್ಟಿದ್ದೆ. ಒಂದು ಸಂಘದ ಸದಸ್ಯರ ಪಟ್ಟಿಯಲ್ಲಿ ಸುತಾರ ಅಡ್ಡಹೆಸರಿನವರೆಲ್ಲ ‘ಸುತ್ತಾರ’ ಆಗಿ ಸುತ್ತತೊಡಗಿದರು. ಪ್ರೂಫಿನಲ್ಲಿ ಸಿಕ್ಕಿತು ಅಂತ ಬಚಾವಾದೆ. ಈಗ ಒಂದೊಂದನ್ನೂ ನೋಡಿಯೇ ಬದಲಿಸುತ್ತೇನೆ. ಇನ್ನೊಂದು ಮಾತು, ಹಳೆಯ ನುಡಿ ಫಾಂಟಿನ ಫೈಲಾದರೆ ಈ ಹುಡುಕಾಟ ನಡೆಯುವುದಿಲ್ಲ. ಅಲ್ಲಿ ಅಕ್ಷರಗಳ ಒಳಗಿನ ಸಂಖ್ಯೆಗಳೇ ಬೇರೆ. ಮೊದಲು ಯೂನಿಕೋಡಿಗೆ ಬದಲಿಸಿಕೊಳ್ಳಬೇಕು.

ಯೂನಿಕೋಡಿನಲ್ಲೂ ಪ್ರತ್ಯಯ ಹಚ್ಚುವಾಗ ಒಂದು ತೊಂದರೆ ಇದೆ. ‘ಬಸ್’ ಬರೆದು ಸುಮ್ನೆ ‘ಗೆ’ ಒತ್ತಿದರೆ ಗ ಹೋಗಿ ಸ ಕೆಳಗೆ ಕೂರುತ್ತದೆ, ‘ಬಸ್ಗೆ’ ಆಗುತ್ತದೆ. ಎರಡೂ ಬೇರೆ ಬೇರೆ ನಿಲ್ಲಬೇಕಾದರೆ ನಡುವೆ ಕಣ್ಣಿಗೆ ಕಾಣದ ಒಂದು ಗುರುತು, `U+200C`, ಬೇಕು. ಆಗ ‘ಬಸ್‌ಗೆ’. ನನಗೆ ಕೇಳಿದರೆ ‘ಬಸ್ಸಿಗೆ’ ಅಂತ ಬರೆದರೆ ಈ ಗೊಡವೆಯೇ ಇಲ್ಲ, ಓದುವುದಕ್ಕೂ ಹಿತ. ಆದರೆ ‘ಬಿಲ್’ ಬಂದರೆ ನಾನೂ ‘ಬಿಲ್‌ಗೆ’ ಅಂತಲೇ ಹಾಕುತ್ತೇನೆ. ‘ಬಿಲ್ಲಿಗೆ ಸಹಿ ಮಾಡಿ’ ಅಂದರೆ ರಾಮನ ಬಿಲ್ಲೇ ನೆನಪಾಗುತ್ತದೆ.

ಹೋದ ದೀಪಾವಳಿಗೆ ಸೀರೆ ಅಂಗಡಿಯವರು ಒಬ್ಬರು ಕರಪತ್ರ ಮಾಡಿಸಲು ಬಂದರು. ಚೀಟಿಯಲ್ಲಿ ‘ಇಳಕಲ್ ನಲ್ಲಿ ನೇಯ್ದದ್ದು’ ಅಂತ ಬಿಡಿಸಿ ಬರೆದಿದ್ದರು. ‘ಇಳಕಲ್‌ನಲ್ಲಿ’ ಅಂತ ಒಂದು, ‘ಇಳಕಲ್ಲಿನಲ್ಲಿ’ ಅಂತ ಒಂದು, ಎರಡು ಪ್ರೂಫ್ ತೆಗೆದು ಮುಂದಿಟ್ಟೆ. ಅವರು ಎರಡನ್ನೂ ಗಟ್ಟಿಯಾಗಿ ಓದಿದರು. “ನಮ್ಮವ್ವ ಇಳಕಲ್ಲಿಗಿ ಹೋಗೂಣು ಅಂತಿದ್ಲು, ಎರಡನೇದ್ದ ಇರ್ಲಿ” ಅಂದರು. ಅದನ್ನೇ ಪ್ಲೇಟಿಗೆ ಕಳಿಸಿದೆ.