ಕಾಫಿ ಮರದ ಬಟ್ಟಲು ಮೆಲ್ಬರ್ನ್‌ಗೆ ಕಳಿಸುವುದು ಹೇಗೆ?

ತೋಟದಲ್ಲಿ ಹಳೇ ರೊಬಸ್ಟಾ ಗಿಡ ಕಿತ್ತರೆ ಬುಡದ ದಪ್ಪ ತುಂಡು ಹೆಚ್ಚಾಗಿ ಒಲೆಗೇ ಹೋಗುತ್ತದೆ. ಅದನ್ನೇ ಲೇಥ್‌ನಲ್ಲಿ ಕಡೆದರೆ ತಿಳಿ ಬಣ್ಣದ, ಕೈಗೆ ತೂಕ ಸಿಗುವ ಚಂದದ ಬಟ್ಟಲಾಗುತ್ತದೆ. ಕೊಡಗಿನ ಸಿದ್ದಾಪುರದ ಕಡೆಯಿಂದ ನಾನು ಇಂಥ ಬಟ್ಟಲು, ಸೌಟುಗಳನ್ನು ಹೊರದೇಶಕ್ಕೆ ಕಳಿಸುತ್ತೇನೆ. ಹೇಗೆ ಕಳಿಸೋದು, ಬೆಲೆ ಎಷ್ಟು ಹೇಳೋದು ಅಂತ ಕೇಳುವವರು ತುಂಬಾ ಜನ. ಅದಕ್ಕೇ ಇಲ್ಲಿ ಒಂದೇ ಒಂದು ಪಾರ್ಸೆಲ್ಲಿನ ಕಥೆ ಹೇಳುತ್ತೇನೆ. ಒಂದು ಬಟ್ಟಲು, ಎರಡು ಸೌಟು. ಹೋಗಬೇಕಾದ್ದು ಆಸ್ಟ್ರೇಲಿಯಾದ ಮೆಲ್ಬರ್ನ್‌ಗೆ.

ಮೊದಲ ಸಲ ಕಳಿಸುವವರಿಗೆ ತೆರಿಗೆಯ ಮಟ್ಟಿಗೆ ಆಸ್ಟ್ರೇಲಿಯಾ ಸುಲಭ. ಅಲ್ಲಿ ಸಾವಿರ ಆಸ್ಟ್ರೇಲಿಯನ್ ಡಾಲರ್ ಒಳಗಿನ ಪಾರ್ಸೆಲ್ಲಿಗೆ ಕಸ್ಟಮ್ಸ್ ಸುಂಕ ಇಲ್ಲ. ಅಲ್ಲಿನ ಜಿಎಸ್‌ಟಿಯನ್ನು ವಸೂಲಿ ಮಾಡಬೇಕಾದವರು ಅಲ್ಲಿಗೆ ವರ್ಷಕ್ಕೆ 75,000 ಡಾಲರ್‌ಗೂ ಜಾಸ್ತಿ ಮಾರುವವರು ಮಾತ್ರ. ದೊಡ್ಡ ಆನ್‌ಲೈನ್ ಮಾರುಕಟ್ಟೆಯ ಮೂಲಕ ಮಾರಿದರೆ ಅವರೇ ಅದನ್ನು ಗಿರಾಕಿಯಿಂದ ತೆಗೆದುಕೊಳ್ಳುತ್ತಾರೆ. ಅಮೆರಿಕದಲ್ಲೂ 800 ಡಾಲರ್‌ವರೆಗೆ ಇಂಥದ್ದೇ ವಿನಾಯಿತಿ ಇತ್ತು, 2025ರ ಆಗಸ್ಟ್ 29ರಿಂದ ಅದು ನಿಂತಿತು. ಯುರೋಪಿನ ಒಕ್ಕೂಟದಲ್ಲಿ 2021ರ ಜುಲೈಯಿಂದ ಎಷ್ಟೇ ಸಣ್ಣ ಪಾರ್ಸೆಲ್ ಆದರೂ ವ್ಯಾಟ್ ಬೀಳುತ್ತದೆ. ಆದರೆ ಮರದ ವಿಷಯಕ್ಕೆ ಬಂದರೆ ಆಸ್ಟ್ರೇಲಿಯಾದಷ್ಟು ಕಟ್ಟುನಿಟ್ಟಿನ ದೇಶ ಕಡಿಮೆ. ಹಾಗಾಗಿ ಕೆಲಸ ಮರದಿಂದಲೇ ಶುರುವಾಗಬೇಕು.

ಮೊದಲು ಮರ ನೋಡಿ

ತುಂಡು ತರುವಾಗ ತೋಟದವರನ್ನು ಕೇಳಿ, "ಅಣ್ಣಾ, ಇದು ರೊಬಸ್ಟಾನಾ, ಅರೇಬಿಕಾನಾ?" ನಮ್ಮಲ್ಲಿ ಅರೇಬಿಕಾ ಗಿಡ ಕೀಳುವುದು ಎಷ್ಟೋ ಸಲ ಬಿಳಿ ಕಾಂಡಕೊರಕ ಹಿಡಿದಿದ್ದಕ್ಕೇ. ಅಂಥ ಕಾಂಡದ ಒಳಗೆ ಹುಳು ಸುರಂಗ ಮಾಡಿರುತ್ತದೆ. ಹೊರಗಿಂದ ಚೆನ್ನಾಗಿ ಕಂಡ ತುಂಡು ಲೇಥ್‌ಗೆ ಏರಿಸಿದ ಮೇಲೆ ತೂತು ತೋರಿಸುತ್ತದೆ. ತೂತಿರುವ ಬಟ್ಟಲನ್ನು ಊರಲ್ಲೇ ಮಾರಿ, ಅಲ್ಲಿಗೆ ಕಳಿಸಬೇಡಿ. ಮುಗಿದ ಬಟ್ಟಲನ್ನು ಕಪ್ಪು ಬಟ್ಟೆಯ ಮೇಲೆ ಒಂದು ವಾರ ಬೋರಲು ಹಾಕಿಡಿ. ಬಟ್ಟೆಯ ಮೇಲೆ ಹಿಟ್ಟಿನಂಥ ಪುಡಿ ಉದುರಿದ್ದರೆ ಒಳಗೆ ಹುಳು ಇನ್ನೂ ಜೀವಂತ ಇದೆ ಅಂತ ಅರ್ಥ. ತೊಗಟೆಯೂ ಚೂರೂ ಉಳಿಯಬಾರದು. ಅಂಚಲ್ಲಿ ತೊಗಟೆ ಬಿಟ್ಟರೆ ನೋಡಲು ಚಂದವೇ, ಆದರೆ ಅಲ್ಲಿನ ಜೈವಿಕ ತಪಾಸಣೆಯವರು ತೊಗಟೆ, ಹುಳು ಎರಡನ್ನೂ ಒಳಗೆ ಬಿಡುವುದಿಲ್ಲ.

ಬೀಟೆ ಮರದ ವಸ್ತು ಕಳಿಸಬಹುದಾ ಅಂತಲೂ ಕೇಳುತ್ತಾರೆ. ಅಳಿವಿನ ಭಯವಿರುವ ಗಿಡ, ಪ್ರಾಣಿಗಳ ವ್ಯಾಪಾರಕ್ಕೆ ಕಡಿವಾಣ ಹಾಕುವ ಅಂತರರಾಷ್ಟ್ರೀಯ ಸೈಟಿಸ್ ಒಪ್ಪಂದದ ಎರಡನೇ ಪಟ್ಟಿಯಲ್ಲಿ ಬೀಟೆ ಇದೆ. ಮರ ಕಾನೂನು ಪ್ರಕಾರ ಎಲ್ಲಿಂದ ಬಂತು ಅನ್ನುವುದಕ್ಕೆ ಬೇರೆಯೇ ಕಾಗದಪತ್ರ ಬೇಕು. ಮೊದಲ ಪಾರ್ಸೆಲ್ಲಿಗೆ ಅದರ ಸಹವಾಸ ಬೇಡ.

ಇನ್ನೊಂದು ವಿಷಯ, ತೇವ. ನನ್ನ ಮೊದಲ ಬಟ್ಟಲು ಹೋಗಿದ್ದು ಆಗಸ್ಟ್ ತಿಂಗಳಲ್ಲಿ. ಇಲ್ಲಿ ಮಳೆ ಹೊಡೆಯುತ್ತಿತ್ತು, ಮೆಲ್ಬರ್ನ್‌ನಲ್ಲಿ ಚಳಿಗಾಲ, ಮನೆಯೊಳಗೆ ಹೀಟರ್. ತಲುಪಿ ಹತ್ತು ದಿನಕ್ಕೆ ಗಿರಾಕಿ ಫೋಟೋ ಕಳಿಸಿದರು. ಅಂಚಿನಿಂದ ತಳದವರೆಗೆ ಸೀಳು. ದುಡ್ಡು ವಾಪಸ್ ಕೊಟ್ಟೆ. ತಪ್ಪು ನನ್ನದೇ ಆಗಿತ್ತು. ನಮ್ಮ ಮಳೆಗಾಲದ ಗಾಳಿಯಲ್ಲಿ ಮರ ಎಷ್ಟು ದಿನ ಇಟ್ಟರೂ ಪೂರ್ತಿ ಒಣಗುವುದಿಲ್ಲ, ಸುಮ್ನೆ ಒಣಗಿದ ಹಾಗೆ ಕಾಣುತ್ತದೆ.

ಈಗ ಮೊದಲು ದಪ್ಪವಾಗಿ ಕಡೆಸಿ, ತುದಿಗಳಿಗೆ ಮೇಣ ಸವರಿ ತಿಂಗಳುಗಟ್ಟಲೆ ನೆರಳಲ್ಲಿ ಇಡುತ್ತೇನೆ. ಆಮೇಲೆ ಸೌದೆ ಒಲೆಯ ಮೇಲಿನ ಅಟ್ಟಕ್ಕೆ ಏರಿಸಿ, ವಾರಕ್ಕೊಮ್ಮೆ ಅಡುಗೆಮನೆ ತಕ್ಕಡಿಯಲ್ಲಿ ತೂಗಿ ಬಟ್ಟಲಿನ ತಳದಲ್ಲೇ ಪೆನ್ಸಿಲಿನಿಂದ ಬರೆಯುತ್ತೇನೆ. ಈ ಪಾರ್ಸೆಲ್ಲಿನ ಬಟ್ಟಲು ಅಟ್ಟಕ್ಕೆ ಏರಿದಾಗ 412 ಗ್ರಾಂ ಇತ್ತು. ಮುಂದಿನ ವಾರಗಳಲ್ಲಿ 395, 381, 376, ಮತ್ತೆ 376. ಎರಡು ವಾರ ತೂಕ ಅಲ್ಲೇ ನಿಂತ ಮೇಲೆ ಕೊನೆಯ ಕಡೆತ ಮಾಡಿಸಿ ಎಣ್ಣೆ ಹಚ್ಚಿದೆ.

ಕಾಗದ

ಮಾರಾಟಕ್ಕೆ ಕಳಿಸುವ ಮುಂಚೆ ಐಇಸಿ, ಅಂದರೆ ಆಮದು-ರಫ್ತು ಕೋಡ್ ಮಾಡಿಸಿಕೊಳ್ಳಿ. dgft.gov.in ತಾಣದಲ್ಲಿ ಪ್ಯಾನ್, ಬ್ಯಾಂಕ್ ಖಾತೆ, ವಿಳಾಸದ ದಾಖಲೆ ಕೊಟ್ಟು 500 ರೂಪಾಯಿ ಕಟ್ಟಿದರೆ ಆಯಿತು. ನಿಮ್ಮ ಪ್ಯಾನ್ ನಂಬರೇ ಐಇಸಿ ನಂಬರ್ ಆಗುತ್ತದೆ. ಪ್ರತಿ ವರ್ಷ ಏಪ್ರಿಲ್‌ನಿಂದ ಜೂನ್ ಒಳಗೆ ಅದೇ ತಾಣಕ್ಕೆ ಹೋಗಿ, ಏನೂ ಬದಲಾಗದಿದ್ದರೂ ವಿವರ ಸರಿಯಿದೆ ಅಂತ ಖಚಿತಪಡಿಸಬೇಕು. ಇದನ್ನು ಮರೆತರೆ ಕೋಡ್ ನಿಷ್ಕ್ರಿಯ ಆಗುತ್ತದೆ. ಜಿಎಸ್‌ಟಿ ನೋಂದಣಿ ಇರುವವರು ವರ್ಷಕ್ಕೊಮ್ಮೆ ಎಲ್‌ಯುಟಿ ಅನ್ನುವ ಮುಚ್ಚಳಿಕೆಯನ್ನೂ ಸಲ್ಲಿಸಿದರೆ ತೆರಿಗೆ ಕಟ್ಟದೇ ರಫ್ತು ಮಾಡಬಹುದು.

ಅಂಚೆಯಲ್ಲಿ ಕಳಿಸುವುದಾದರೆ ಡಾಕ್ ಘರ್ ನಿರ್ಯಾತ್ ಕೇಂದ್ರದ dnk.cept.gov.in ತಾಣದಲ್ಲಿ ಖಾತೆ ತೆರೆಯಿರಿ. ಅಂಚೆ ರಫ್ತು ಬಿಲ್ಲನ್ನು ಮನೆಯಿಂದಲೇ ತುಂಬಿ, ಪಾರ್ಸೆಲ್ಲನ್ನು ಕೇಂದ್ರದಲ್ಲಿ ಕೊಟ್ಟರೆ ಸಾಕು. ಕಸ್ಟಮ್ಸ್‌ನವರು ಆನ್‌ಲೈನ್‌ನಲ್ಲೇ ಬಿಲ್ ನೋಡುತ್ತಾರೆ, ನಾವು ಬೆಂಗಳೂರಿನವರೆಗೆ ಓಡಬೇಕಾಗಿಲ್ಲ. ರೈಲೂ ಇಲ್ಲದ, ವಿಮಾನವೂ ಇಲ್ಲದ ನಮ್ಮ ಜಿಲ್ಲೆಗೆ ಇದು ನಿಜಕ್ಕೂ ದೊಡ್ಡ ಅನುಕೂಲ. ಹತ್ತಿರದ ಕೇಂದ್ರ ಯಾವುದು ಅಂತ ನಿಮ್ಮ ಅಂಚೆ ಕಚೇರಿಯಲ್ಲೇ ಕೇಳಿ.

ಪಾರ್ಸೆಲ್ ಜೊತೆ ಹೋಗುವ ಕಸ್ಟಮ್ಸ್ ಘೋಷಣೆಯ ಫಾರಂಗೆ ಸಿಎನ್ 23 ಅಂತ ಹೆಸರು. ಎರಡು ಕಿಲೋ ಒಳಗಿನ, ಕಡಿಮೆ ಬೆಲೆಯ ಪೊಟ್ಟಣಕ್ಕೆ ಇದರ ಚಿಕ್ಕ ರೂಪ ಸಿಎನ್ 22 ಇದೆ. ಇದರಲ್ಲಿ ವಸ್ತುವಿನ ವಿವರ ಬರೆಯುವ ಒಂದು ಸಾಲಿನಲ್ಲೇ ಜಾಸ್ತಿ ಜನ ಎಡವುತ್ತಾರೆ. ಬರೀ "ಕರಕುಶಲ ವಸ್ತು" ಅಂತ ಬರೆದರೆ ಆ ಕಡೆಯ ಅಧಿಕಾರಿಗೆ ಏನೂ ತಿಳಿಯುವುದಿಲ್ಲ, ಪೆಟ್ಟಿಗೆ ಬಿಚ್ಚುತ್ತಾರೆ. ನಾನು ಬರೆಯುವುದು ಹೀಗೆ, ಫಾರಂನಲ್ಲಿ ಇಂಗ್ಲಿಷಿನಲ್ಲೇ:

```
Wooden bowl, coffee wood, no bark, oil finish - 1 pc
Wooden spoon, coffee wood, no bark, oil finish - 2 pcs
HS 4419   Origin: India
```

HS ಅನ್ನುವುದು ಕಸ್ಟಮ್ಸ್‌ನವರು ಸರಕನ್ನು ಗುರುತಿಸುವ ಸಂಖ್ಯೆ, 4419 ಅಂದರೆ ಮರದ ಊಟದ ಮತ್ತು ಅಡುಗೆ ಸಾಮಾನಿನ ಗುಂಪು. ರಫ್ತು ಬಿಲ್ಲಿಗೆ ಪೂರ್ತಿ ಎಂಟು ಅಂಕಿ ಬೇಕು, ಅದನ್ನು ಸುಂಕದ ಪಟ್ಟಿಯಲ್ಲಿ ನೋಡಿ ಒಮ್ಮೆ ಬರೆದಿಟ್ಟುಕೊಂಡರೆ ಮುಂದೆಲ್ಲ ಅದೇ. ಶೋಕೇಸಿನಲ್ಲಿಡುವ ಮರದ ಗೊಂಬೆ 4420ಕ್ಕೆ ಹೋಗುತ್ತದೆ, ಬಟ್ಟಲನ್ನು ಅಲ್ಲಿ ಸೇರಿಸಬೇಡಿ.

ಅದೇ ಫಾರಂನಲ್ಲಿ ಉಡುಗೊರೆ, ಮಾದರಿ, ಮಾರಾಟದ ಸರಕು ಅಂತ ಚೌಕಗಳಿರುತ್ತವೆ. "ಗಿಫ್ಟ್ ಅಂತ ಹಾಕಿಬಿಡಿ" ಅಂತ ಕೆಲವು ಗಿರಾಕಿಗಳು ಕೇಳುತ್ತಾರೆ. ಒಪ್ಪಬೇಡಿ. ಅದು ಸುಳ್ಳು ಘೋಷಣೆ. ಪಾರ್ಸೆಲ್ ಕಳೆದರೆ ಪರಿಹಾರ ಕೇಳುವುದಕ್ಕೂ ದಾರಿ ಇರುವುದಿಲ್ಲ, ಬ್ಯಾಂಕಿಗೆ ಬಂದ ದುಡ್ಡಿಗೂ ಲೆಕ್ಕ ತೋರಿಸಲಾಗುವುದಿಲ್ಲ. ಇನ್‌ವಾಯ್ಸ್, ಸಿಎನ್ 23, ರಫ್ತು ಬಿಲ್ ಮೂರರಲ್ಲೂ ಸಾಮಾನಿನ ಬೆಲೆ ಒಂದೇ ಇರಬೇಕು. ಇನ್‌ವಾಯ್ಸ್‌ನಲ್ಲಿ ಸಾಮಾನಿನ ಬೆಲೆ ಬೇರೆ, ಅಂಚೆ ಖರ್ಚು ಬೇರೆ ಸಾಲಿನಲ್ಲಿ ಬರೆಯಿರಿ.

ಯಾವುದರಲ್ಲಿ ಕಳಿಸೋದು?

ಹತ್ತು ಸಾವಿರದ ಒಳಗಿನ ಸಾಮಾನಿಗೆ ನನ್ನ ಆಯ್ಕೆ ಅಂಚೆಯ ಅಂತರರಾಷ್ಟ್ರೀಯ ಸ್ಪೀಡ್ ಪೋಸ್ಟ್. ಪಾರ್ಸೆಲ್ ಎಲ್ಲಿದೆ ಅಂತ ನೋಡಬಹುದು, ತೂಕಕ್ಕೆ ತಕ್ಕ ದರ. ಒಂದೆರಡು ಸೌಟಿನಂಥ ಹಗುರ ಸಾಮಾನಿಗೆ ಅಂಚೆಯಲ್ಲೇ ಟ್ರ್ಯಾಕ್ಡ್ ಪ್ಯಾಕೆಟ್ ಸೇವೆ ಇನ್ನೂ ಅಗ್ಗ, ಆದರೆ ನಿಧಾನ. ಗಿರಾಕಿಗೆ ಅವಸರ ಇದ್ದರೆ ಖಾಸಗಿ ಕೊರಿಯರ್ ಬೇಗ ಮುಟ್ಟಿಸುತ್ತದೆ.

ಕೊರಿಯರ್‌ನವರು ತೂಕದ ಜೊತೆ ಪೆಟ್ಟಿಗೆಯ ಗಾತ್ರವನ್ನೂ ಲೆಕ್ಕ ಹಾಕುತ್ತಾರೆ. ಸೆಂಟಿಮೀಟರಿನಲ್ಲಿ ಉದ್ದ, ಅಗಲ, ಎತ್ತರ ಗುಣಿಸಿ 5,000ದಿಂದ ಭಾಗಿಸಬೇಕು. 30, 25, 20ರ ಪೆಟ್ಟಿಗೆ ಅಂದರೆ 15,000, ಅಂದರೆ ಮೂರು ಕಿಲೋ. ಒಳಗಿನ ಸಾಮಾನು ಒಂದೇ ಕಿಲೋ ಇದ್ದರೂ ಮೂರು ಕಿಲೋದ ದುಡ್ಡು! ಸೌಟುಗಳನ್ನು ಬಟ್ಟಲಿನ ಒಳಗೆ ಓರೆಯಾಗಿ ಕೂರಿಸಿ ಚಿಕ್ಕ ಪೆಟ್ಟಿಗೆಗೆ ಇಳಿಸಿದರೆ ಖರ್ಚು ಎಷ್ಟೋ ಇಳಿಯುತ್ತದೆ.

ಸಂದಿ ತುಂಬಲು ಭತ್ತದ ಹುಲ್ಲು, ಒಣ ಎಲೆ, ಹಣ್ಣಿನ ಹಳೇ ರಟ್ಟಿನ ಪೆಟ್ಟಿಗೆ ಬಳಸಬೇಡಿ. ಆಸ್ಟ್ರೇಲಿಯಾದಲ್ಲಿ ಹುಲ್ಲಿನ ಪ್ಯಾಕಿಂಗ್ ನಿಷಿದ್ಧ. ಬಟ್ಟಲು ಎಷ್ಟು ಶುದ್ಧ ಇದ್ದರೂ ಹುಲ್ಲಿನಿಂದಾಗಿ ಪಾರ್ಸೆಲ್ ನಿಲ್ಲುತ್ತದೆ. ಹೊಸ ರಟ್ಟು, ಸ್ವಚ್ಛ ಕಾಗದ ಸಾಕು.

ಡಾಲರಿನಲ್ಲಿ ಬೆಲೆ

ಈ ಪಾರ್ಸೆಲ್ಲಿನ ಲೆಕ್ಕ ನೋಡಿ. ಮರ 150, ಕಡೆದವರ ಕೂಲಿ 700, ಎಣ್ಣೆ ಮತ್ತು ಉಜ್ಜುವ ಕೆಲಸ 100, ಪ್ಯಾಕಿಂಗ್ 150. ಒಟ್ಟು 1,100. ಸೀಳಿ ಹಾಳಾಗುವ ಬಟ್ಟಲುಗಳ ನಷ್ಟಕ್ಕೆ ಅಂತ 110. ನನ್ನ ಲಾಭ 600. ಅಲ್ಲಿಗೆ 1,810 ಆಯಿತು. ಅಂಚೆಗೆ ಲೆಕ್ಕಕ್ಕೆ 1,500 ಇಟ್ಟುಕೊಳ್ಳೋಣ, ನಿಮ್ಮ ತೂಕಕ್ಕೆ ಆ ದಿನದ ದರ ಕೌಂಟರಿನಲ್ಲಿ ಕೇಳಿ. ಒಟ್ಟಿನಲ್ಲಿ ನನ್ನ ಕೈಗೆ 3,310 ಬರಲೇಬೇಕು.

ದುಡ್ಡು ತರುವ ಸೇವೆಯವರು ತಮ್ಮ ಶುಲ್ಕ ಹಿಡಿಯುತ್ತಾರೆ. ಅದರ ಮೇಲೆ ಡಾಲರನ್ನು ರೂಪಾಯಿ ಮಾಡುವಾಗ ಮಾರುಕಟ್ಟೆಗಿಂತ ಕಡಿಮೆ ದರ ಕೊಡುತ್ತಾರೆ. ಎರಡೂ ಸೇರಿ ನೂರಕ್ಕೆ ಎಂಟು ಅಂತ ಇಟ್ಟುಕೊಳ್ಳಿ. ಇಲ್ಲಿ 3,310ಕ್ಕೆ ಎಂಟು ಪರ್ಸೆಂಟ್ ಸೇರಿಸಿದರೆ ತಪ್ಪಾಗುತ್ತದೆ. ಯಾಕೆಂದರೆ ಅವರು ಹಿಡಿಯುವುದು ಗಿರಾಕಿ ಕೊಟ್ಟ ಪೂರ್ತಿ ಮೊತ್ತದ ಮೇಲೆ. ಹಾಗಾಗಿ 3,310ನ್ನು 0.92ರಿಂದ ಭಾಗಿಸಬೇಕು. 3,598 ಬರುತ್ತದೆ, 3,600 ಅನ್ನೋಣ.

ಇವತ್ತಿನ ದರ ಒಂದು ಆಸ್ಟ್ರೇಲಿಯನ್ ಡಾಲರಿಗೆ 55 ರೂಪಾಯಿ ಅಂದುಕೊಳ್ಳಿ. ನಾನು 55ರಲ್ಲಿ ಲೆಕ್ಕ ಹಾಕುವುದಿಲ್ಲ, 53ರಲ್ಲಿ ಹಾಕುತ್ತೇನೆ. ಬೆಲೆ ಹೇಳಿದ ದಿನಕ್ಕೂ ದುಡ್ಡು ಬರುವ ದಿನಕ್ಕೂ ನಡುವೆ ದರ ಇಳಿಯಬಹುದು ಅಲ್ವಾ? 3,600ನ್ನು 53ರಿಂದ ಭಾಗಿಸಿದರೆ 68 ಡಾಲರ್. ಎಂಟು ಪರ್ಸೆಂಟ್ ಸುಮ್ನೆ ಸೇರಿಸಿ, 55ರ ದರದಲ್ಲೇ ಹಾಕಿದ್ದರೆ 65 ಹೇಳುತ್ತಿದ್ದೆ. ಆಮೇಲೆ ದರ 53ಕ್ಕೆ ಇಳಿದರೆ ಕೈಗೆ ಬರುವುದು 3,169. ಅಂದರೆ 600 ರೂಪಾಯಿ ಲಾಭದಲ್ಲಿ 141 ಹೋಯಿತು. ಮೂರು ಡಾಲರ್ ಜಾಸ್ತಿಗೆ ಗಿರಾಕಿ ಬೇಡ ಅನ್ನುವುದು ಅಪರೂಪ. ಹೇಳಿದ ಬೆಲೆ ಹದಿನೈದು ದಿನಕ್ಕೆ ಮಾತ್ರ ಅಂತ ಬರೆದು ಕಳಿಸಿ.

ದುಡ್ಡನ್ನು ಸಾಮಾನು ಹೊರಡುವ ಮುಂಚೆಯೇ ತರಿಸಿಕೊಳ್ಳಿ. ಸ್ನೇಹಿತರಿಗೆ, ಮನೆಯವರಿಗೆ ಕಳಿಸುವ ದಾರಿಯಲ್ಲಿ ಹಾಕಲು ಹೇಳಬೇಡಿ, ವ್ಯಾಪಾರದ ದಾರಿಯಲ್ಲೇ ಬರಲಿ. ಬ್ಯಾಂಕಿನವರು ಯಾವ ಬಾಬ್ತು ಅಂತ ಕೇಳಿದರೆ ಸರಕು ರಫ್ತಿಗೆ ಮುಂಗಡ ಅನ್ನಿ. ದುಡ್ಡು ಜಮೆಯಾದ ಮೇಲೆ ವಿದೇಶದಿಂದ ಹಣ ಬಂದಿದ್ದಕ್ಕೆ ಕೊಡುವ ಪತ್ರವನ್ನು, ಎಫ್‌ಐಆರ್‌ಎ ಅನ್ನುತ್ತಾರೆ, ಮರೆಯದೇ ಇಳಿಸಿಕೊಳ್ಳಿ. ನಾನು ಪ್ರತಿ ಪಾರ್ಸೆಲ್ಲಿಗೂ ಒಂದು ಕವರ್ ಮಾಡುತ್ತೇನೆ. ಇನ್‌ವಾಯ್ಸ್, ರಫ್ತು ಬಿಲ್, ಅಂಚೆ ರಸೀದಿ, ಈ ಪತ್ರ, ಜೊತೆಗೆ ಪ್ಯಾಕ್ ಮಾಡುವ ಮುಂಚೆ ಬಟ್ಟಲಿನ ತಳ, ಅಂಚು, ಒಳಗು ಕಾಣುವಂತೆ ತೆಗೆದ ಮೂರು ಫೋಟೋ. ತಳದ ಫೋಟೋದಲ್ಲಿ ಎಣ್ಣೆಯ ಅಡಿ ಪೆನ್ಸಿಲಿನ 376 ಇನ್ನೂ ಮಸುಕಾಗಿ ಕಾಣುತ್ತದೆ.