ಪಾಲುದಾರ ಒಂದು ವಾರದಿಂದ ಉತ್ತರಿಸಿಲ್ಲವೇ? ಎರಡನೇ ಮೆಸೇಜ್ ಬರೆಯುವುದು ಹೀಗೆ

ಬಳ್ಳಾರಿಯಲ್ಲಿ ನಮ್ಮದೊಂದು ಸಣ್ಣ ಜೀನ್ಸ್ ಯೂನಿಟ್ ಇದೆ. ಇಬ್ಬರ ಪಾಲು. ಕಟಿಂಗ್, ಹೊಲಿಗೆ, ವಾಶಿಂಗ್ ನಾನು ನೋಡಿಕೊಳ್ಳುತ್ತೇನೆ. ಮಾರಾಟ ನೋಡಿಕೊಳ್ಳುವ ಅಣ್ಣ ಹೈದರಾಬಾದಿನಲ್ಲಿದ್ದಾರೆ. ಒಡಹುಟ್ಟಿದ ಅಣ್ಣ ಅಲ್ಲ, ವಯಸ್ಸಿನಲ್ಲಿ ದೊಡ್ಡವರು ಅಂತ ಹಾಗೆ ಕರೆಯೋದು.

ಹೋದ ಸೀಸನ್ನಿನಲ್ಲಿ ಒಂದು ಸೋಮವಾರ ಅವರಿಗೆ ಬಟ್ಟೆ ಖರೀದಿ ಬಗ್ಗೆ ಮೆಸೇಜ್ ಹಾಕಿದೆ. ಮುಂದಿನ ಸೋಮವಾರ ಬಂದರೂ ಉತ್ತರವಿಲ್ಲ. ಅದೇ ದಿನ ಬಟ್ಟೆ ವ್ಯಾಪಾರಿ ಫೋನ್ ಮಾಡಿ, "ಗುರುವಾರ ಸಂಜಿತನಕ ಇಟ್ಟಿರ್ತೀನಿ, ಆಮ್ಯಾಲೆ ನನ್ನ ಕೇಳಬ್ಯಾಡ್ರಿ" ಅಂದರು. ಕೈ ತಾನಾಗೇ ಫೋನಿಗೆ ಹೋಯಿತು. ಟೈಪ್ ಮಾಡಿದ್ದು ಇಷ್ಟು: "ಅಣ್ಣ, ಒಂದು ವಾರ ಆಯ್ತು, ನೀವು ಇನ್ನೂ ಏನೂ ಹೇಳಲೇ ಇಲ್ಲವಲ್ಲ. ಬೇಗ ಹೇಳಿ." ಪುಣ್ಯಕ್ಕೆ ಕಳಿಸಲಿಲ್ಲ. ಆಮೇಲೆ ಏನೇನು ಮಾಡಿದೆ ಅನ್ನೋದನ್ನು ಒಂದೊಂದಾಗಿ ಹೇಳುತ್ತೇನೆ.

ಮೊದಲು ಮೆಸೇಜ್ ತಲುಪಿದೆಯಾ ನೋಡಿ

ವಾಟ್ಸ್ಆ್ಯಪ್‌ನಲ್ಲಿ ಒಂದೇ ಟಿಕ್ ಇದ್ದರೆ ಮೆಸೇಜ್ ಇನ್ನೂ ಅವರ ಫೋನಿಗೆ ಹೋಗಿಲ್ಲ. ಫೋನ್ ಕೆಟ್ಟಿರಬಹುದು, ನಂಬರ್ ಬದಲಾಗಿರಬಹುದು. ಎರಡು ಬೂದು ಟಿಕ್ ಇದ್ದರೆ ಹೋಗಿದೆ. ನೀಲಿಯಾದರೆ ತೆರೆದಿದ್ದಾರೆ. ಮೆಸೇಜನ್ನು ಒತ್ತಿ ಹಿಡಿದು Info ನೋಡಿದರೆ ಯಾವಾಗ ಅನ್ನೋದೂ ಸಿಗುತ್ತದೆ. ಕೆಲವರು ನೀಲಿ ಟಿಕ್ ಬಂದ್ ಮಾಡಿಟ್ಟಿರುತ್ತಾರೆ. ಅಂಥವರದ್ದು ಓದಿದರೂ ಬೂದುಬಣ್ಣವೇ ಇರುತ್ತದೆ. ಆದರೆ ವಾಯ್ಸ್ ಮೆಸೇಜ್ ಕೇಳಿಸಿಕೊಂಡರೆ ಮಾತ್ರ ಅಂಥವರಲ್ಲೂ ಮೈಕಿನ ಗುರುತು ನೀಲಿಯಾಗುತ್ತದೆ. ಅದನ್ನು ಬಂದ್ ಮಾಡೋಕೆ ಬರುವುದಿಲ್ಲ.

ನಮ್ಮ ಅಣ್ಣನದು ನೀಲಿ ಆಗಿತ್ತು, ಕಳಿಸಿದ ದಿನ ರಾತ್ರಿನೇ. ಇಲ್ಲೇ ಎಡವೋದು. "ನೋಡಿದ್ದೀರಿ, ಆದರೂ ಉತ್ತರ ಕೊಟ್ಟಿಲ್ಲ" ಅಂತ ಬರೆಯಬೇಡಿ. ಟಿಕ್ ನೋಡೋದು ನಿಮ್ಮ ತಿಳಿವಳಿಕೆಗೆ, ಅವರ ಮೇಲೆ ಸಾಕ್ಷಿ ಹಾಕೋಕೆ ಅಲ್ಲ. ಓದಿಯೂ ಉತ್ತರಿಸದೆ ಇದ್ದಾರೆ ಅಂದರೆ ಸಾಮಾನ್ಯವಾಗಿ ಮರೆತಿರುವುದಿಲ್ಲ. ಏನು ಹೇಳಬೇಕು ಅಂತ ತೋಚದೆ ಕೂತಿರುತ್ತಾರೆ. ಹಾಗಿದ್ದರೆ ನೆನಪಿಸಿ ಏನೂ ಪ್ರಯೋಜನವಿಲ್ಲ. ಉತ್ತರ ಹೇಳೋದು ಸುಲಭವಾಗುವ ಹಾಗೆ ನಾವು ಕೇಳಬೇಕು.

ನಿಮ್ಮ ಹಳೇ ಮೆಸೇಜನ್ನು ಬೇರೆಯವರದ್ದು ಅನ್ನೋ ಹಾಗೆ ಓದಿ

ನಾನು ಕಳಿಸಿದ್ದು ಹೀಗಿತ್ತು: "ಅಣ್ಣ, ಹೊಸ ಲಾಟ್ ಬಟ್ಟೆ ಬಂದಿದೆ, ಚೆನ್ನಾಗಿದೆ. 600 ಪೀಸ್ ಮಾಡೋಣವಾ? ಸ್ಟೋನ್ ವಾಶಾ, ಎಂಜೈಮ್ ವಾಶಾ? ಫೋಟೋ ಹಾಕಿದ್ದೀನಿ. ನಿಮ್ಮ ಅರ್ಧ ಅಡ್ವಾನ್ಸ್ ಯಾವಾಗ ಹಾಕ್ತೀರಿ? ಹೋದ ಮಾಲಿನ ಲೆಕ್ಕ ಏನಾಯ್ತು?"

ಎಣಿಸಿ ನೋಡಿದೆ. ನಾಲ್ಕು ಪ್ರಶ್ನೆ. ಮೊದಲನೆಯದಕ್ಕೆ ಹೂಂ ಅನ್ನಬೇಕಾದರೆ ಕೊನೆಯದಕ್ಕೂ ಉತ್ತರ ಬೇಕು. ಅಂಗಡಿ ಅಂಗಡಿ ತಿರುಗೋ ಮನುಷ್ಯ ಇದನ್ನು ಓದಿ "ರಾತ್ರಿ ಕೂತು ಬರೆದರಾಯ್ತು" ಅಂತ ಜೇಬಿಗೆ ಹಾಕಿಕೊಳ್ಳದೆ ಇನ್ನೇನು ಮಾಡಬೇಕು? ತಪ್ಪು ನನ್ನದೇ ಇತ್ತು. ಅದನ್ನು ಒಪ್ಪಿಕೊಂಡ ಮೇಲೆ ಅರ್ಧ ಸಿಟ್ಟು ಇಳಿಯಿತು. ಎರಡನೇ ಮೆಸೇಜಿನ ದನಿಯೂ ಬದಲಾಯಿತು.

ಹಾಗಾಗಿ ನಾಲ್ಕರಲ್ಲಿ ಒಂದನ್ನೇ ಆರಿಸಿ. ಈ ವಾರ ಯಾವುದು ನಿಂತರೆ ಕೆಲಸ ನಿಲ್ಲುತ್ತದೋ ಅದು ಮಾತ್ರ. ಸ್ಟೋನ್ ವಾಶೋ ಎಂಜೈಮ್ ವಾಶೋ ಅನ್ನೋದು ಹೊಲಿಗೆ ಮುಗಿದ ಮೇಲಿನ ಮಾತು. ಲೆಕ್ಕದ ಮಾತು ಎದುರುಬದುರು ಕೂತಾಗ ಆಡಬೇಕಾದ್ದು. ಕಾಯದೇ ಇದ್ದದ್ದು ಬಟ್ಟೆ ಒಂದೇ.

ಅವಸರ ಯಾರದು ಅಂತ ತೋರಿಸಿ

ಡೆನಿಮ್ ಬಟ್ಟೆಗೆ ಲಾಟ್ ಅನ್ನೋದು ಮುಖ್ಯ. ಒಂದು ಸಲ ಬಣ್ಣ ಹಾಕಿದ ಬಟ್ಟೆಯೆಲ್ಲ ಒಂದು ಲಾಟ್. ಮುಂದಿನ ಲಾಟ್ ಅದೇ ಮಿಲ್ಲಿನದ್ದಾದರೂ ಶೇಡ್ ಸ್ವಲ್ಪ ಆಚೀಚೆ ಆಗುತ್ತದೆ. ವಾಶ್ ಆದ ಮೇಲೆ ಆ ವ್ಯತ್ಯಾಸ ಇನ್ನೂ ಎದ್ದು ಕಾಣುತ್ತದೆ. ಅರ್ಧ ಈ ಲಾಟ್, ಅರ್ಧ ಆ ಲಾಟ್ ಹೊಲಿದರೆ ಅಂಗಡಿಯವರು ಮಾಲು ತಿರುಗಿಸಿ ಕಳಿಸುತ್ತಾರೆ. ಇದು ಅಣ್ಣನಿಗೆ ನನಗಿಂತ ಚೆನ್ನಾಗಿ ಗೊತ್ತು.

ಆದ್ದರಿಂದ ಗಡುವು ನನ್ನದಲ್ಲ, ಬಟ್ಟೆಯದು. ಇದನ್ನು ಹೇಳಿದರೆ ಸಾಕು. "ಬೇಗ ಹೇಳಿ" ಅಂದರೆ ನಾನು ನೂಕಿದಂತೆ. "ಗುರುವಾರ ಸಂಜೆವರೆಗೆ ವ್ಯಾಪಾರಿ ಇಟ್ಟಿರ್ತಾರೆ" ಅಂದರೆ ಸುದ್ದಿ ಹೇಳಿದಂತೆ. ಆದರೆ ಸುಳ್ಳು ಗಡುವು ಹೇಳಬೇಡಿ. ಅವರು ವ್ಯಾಪಾರಿಗೇ ಫೋನ್ ಮಾಡಿ ಕೇಳಿದರೆ ಮುಖ ಎಲ್ಲಿಡ್ತೀರಿ?

ಚುಚ್ಚುವ ಪದಗಳನ್ನು ತೆಗೆಯಿರಿ

ನಾನು ಅಳಿಸಿದ ಆ ಮೊದಲ ಕರಡನ್ನು ಮತ್ತೆ ನೋಡಿ. "ಒಂದು ವಾರ ಆಯ್ತು" ಲೆಕ್ಕ ಇಟ್ಟಿದ್ದೀನಿ ಅನ್ನುತ್ತದೆ. "ಇನ್ನೂ" ಅನ್ನೋದು ಪುಟ್ಟ ಪದ, ಆದರೆ ಹೆಚ್ಚು ಚುಚ್ಚೋದು ಅದೇ. "ಹೇಳಲೇ ಇಲ್ಲವಲ್ಲ" ಅನ್ನೋದರಲ್ಲಿ "ಲೇ" ಒಂದು ಬೈಗುಳ, "ಅಲ್ಲ" ಇನ್ನೊಂದು. "ಏನೂ ಹೇಳಿಲ್ಲ" ಅನ್ನೋದೇ ಬೇರೆ, "ಏನೂ ಹೇಳಲೇ ಇಲ್ಲವಲ್ಲ" ಅನ್ನೋದೇ ಬೇರೆ, ಅಲ್ವಾ? ಮಾತಾಡುವಾಗ ನಗುತ್ತಾ ಹೇಳಿದರೆ ನಡೆಯುತ್ತದೆ. ಬರೆದಾಗ ನಗು ಕಾಣುವುದಿಲ್ಲ.

ಅತಿ ಮರ್ಯಾದೆಯೂ ಕೆಲಸ ಕೆಡಿಸುತ್ತದೆ. ಹತ್ತು ವರ್ಷ ಜೊತೆಗೆ ದುಡಿದವರಿಗೆ "ದಯವಿಟ್ಟು ತಮ್ಮ ಅಭಿಪ್ರಾಯ ತಿಳಿಸಬೇಕಾಗಿ ವಿನಂತಿ" ಅಂತ ಬರೆದರೆ, ಇವನಿಗೆ ಏನಾಯ್ತಪ್ಪ, ವಕೀಲರ ಹತ್ತಿರ ಹೋಗಿದ್ದಾನಾ ಅಂತ ಅನುಮಾನ ಬರುತ್ತದೆ. ಸುಮ್ನೆ ಎರಡು ಪ್ರಶ್ನಾರ್ಥಕ ಚಿಹ್ನೆ ಹಾಕೋದು, "ಹಲೋ" ಅಂತ ಒಂದೇ ಪದ ಕಳಿಸೋದು, ಹಳೇ ಮೆಸೇಜನ್ನೇ ಮತ್ತೆ ಫಾರ್ವರ್ಡ್ ಮಾಡೋದು, ಇವೆಲ್ಲ ಭುಜ ತಟ್ಟಿ ಕರೆದ ಹಾಗಲ್ಲ, ಕಾಲರ್ ಹಿಡಿದ ಹಾಗೆ.

ಉತ್ತರ ಬರದಿದ್ದರೆ ಏನು ಮಾಡ್ತೀರಿ ಅಂತಲೂ ಹೇಳಿ

ಇದು ತುಂಬಾ ಉಪಯೋಗದ ಮಾತು, ಜಾಸ್ತಿ ಎಡವಟ್ಟಾಗುವುದೂ ಇಲ್ಲೇ. "ಉತ್ತರ ಬರದಿದ್ದರೆ ಒಪ್ಪಿಗೆ ಅಂದ್ಕೊಂಡು ಬಟ್ಟೆ ತಗೋತೀನಿ" ಅಂತ ಬರೆಯೋರಿದ್ದಾರೆ. ಪಾಲುದಾರಿಕೆಯಲ್ಲಿ ಅದು ಸಲ್ಲದು. 1932ರ ಪಾಲುದಾರಿಕೆ ಕಾಯ್ದೆ ಪ್ರಕಾರ, ದಿನನಿತ್ಯದ ವ್ಯವಹಾರದಲ್ಲಿ ಒಬ್ಬ ಪಾಲುದಾರ ಫರ್ಮ್ ಪರವಾಗಿ ಮಾಡಿದ್ದು ಸಾಮಾನ್ಯವಾಗಿ ಎಲ್ಲ ಪಾಲುದಾರರನ್ನೂ ಕಟ್ಟಿಹಾಕುತ್ತದೆ. ಅಂದರೆ ನಾನು ಫರ್ಮ್ ಹೆಸರಲ್ಲಿ ಸಾಲಕ್ಕೆ ಬಟ್ಟೆ ತಂದರೆ ಆ ಸಾಲ ಅಣ್ಣನ ತಲೆ ಮೇಲೂ ಇರುತ್ತದೆ. ಸಣ್ಣಪುಟ್ಟ ಭಿನ್ನಾಭಿಪ್ರಾಯವನ್ನು ಬಹುಮತದಿಂದ ತೀರ್ಮಾನಿಸಬಹುದು ಅಂತಲೂ ಅದೇ ಕಾಯ್ದೆ ಹೇಳುತ್ತದೆ. ಆದರೆ ಇಬ್ಬರೇ ಇದ್ದಾಗ ಬಹುಮತ ಎಲ್ಲಿಂದ ಬರಬೇಕು?

ಹಾಗಾಗಿ ನಾನು ಇಟ್ಟುಕೊಂಡ ಪದ್ಧತಿ ಇದು. ಅವರು ಸುಮ್ಮನಿದ್ದರೆ ಅವರ ರೊಕ್ಕಕ್ಕೆ ಕೈ ಹಾಕದ ದಾರಿಯನ್ನೇ ಹಿಡಿಯೋದು. ಬಟ್ಟೆ ಬಿಟ್ಟುಬಿಡೋದು. ಲಾಭ ಹೋಗಬಹುದು, ಆದರೆ "ನನ್ನ ಕೇಳದೆ ಮಾಡಿದೆ" ಅನ್ನೋ ಮಾತು ಬರುವುದಿಲ್ಲ.

ಕೊನೆಗೆ ಮಂಗಳವಾರ ಬೆಳಿಗ್ಗೆ 11ಕ್ಕೆ ಕಳಿಸಿದ್ದು ಇದು:

"ಅಣ್ಣ, ನಮಸ್ಕಾರ. ಹೋದ ಸಲ ಒಂದೇ ಮೆಸೇಜಿನಲ್ಲಿ ಎಲ್ಲಾ ತುಂಬಿ ಕಳಿಸಿಬಿಟ್ಟೆ. ಈಗ ಬಟ್ಟೆದು ಒಂದೇ ಮಾತು. ಆ ಕಡುನೀಲಿ ಲಾಟ್ ಗುರುವಾರ ಸಂಜೆವರೆಗೆ ಇಟ್ಟಿರ್ತೀನಿ ಅಂದಿದ್ದಾರೆ. 600 ಪೀಸಿಗೆ 750 ಮೀಟರ್ ಬೇಕು. ಪೂರ್ತಿ ತಗೊಳ್ಳೋಣ, ಅರ್ಧ ತಗೊಳ್ಳೋಣ, ಈ ಸಲ ಬೇಡ, ಮೂರರಲ್ಲಿ ಯಾವುದಾದ್ರೂ ನನಗೆ ಸರಿ. ಮಾತಾಡೋಕೆ ಆಗದಿದ್ರೆ ಈ ಲಾಟ್ ಬಿಟ್ಟುಬಿಡ್ತೀನಿ, ಮುಂದಿನದು ನೋಡೋಣ."

ಪೀಸಿಗೆ ಒಂದೂಕಾಲು ಮೀಟರ್ ಅಂತ ನಾನೇ ಲೆಕ್ಕ ಹಾಕಿ ಬರೆದೆ. ಅವರು ಹಳೇ ಮೆಸೇಜ್ ಹುಡುಕಬೇಕಾಗಿಲ್ಲ, ಕ್ಯಾಲ್ಕುಲೇಟರ್ ತೆಗೆಯಬೇಕಾಗಿಲ್ಲ. "ಅರ್ಧ" ಅಂತ ಒಂದು ಪದ ಒತ್ತಿದರೂ ಉತ್ತರವೇ. ಎಲ್ಲಕ್ಕಿಂತ ಮುಖ್ಯ "ಈ ಸಲ ಬೇಡ" ಅನ್ನೋದನ್ನು ನಾನೇ ಬರೆದುಕೊಟ್ಟೆ. ಬೇಡ ಅನ್ನೋಕೆ ಸಂಕೋಚಪಟ್ಟು ಸುಮ್ಮನಿರೋರು ನಮ್ಮ ಕಡೆ ಬಹಳ.

ಅದಕ್ಕೂ ಉತ್ತರ ಬರದಿದ್ದರೆ

ಒಂದು ಪೂರ್ತಿ ದಿನ ಬಿಡಿ. ಆಮೇಲೆ ಒಂದು ಫೋನ್, ಒಂದೇ. ಎತ್ತದಿದ್ದರೆ ಮತ್ತೆ ಮತ್ತೆ ಒತ್ತಬೇಡಿ. ಒಂದರ ಹಿಂದೆ ಒಂದು ನಾಲ್ಕು ಮಿಸ್ಡ್ ಕಾಲ್ ಕಂಡರೆ ಯಾರಿಗೋ ಏನೋ ಆಗಿದೆ ಅಂತ ಎದೆ ಹೊಡೆದುಕೊಳ್ಳುತ್ತದೆ. ಆಮೇಲೆ ಅದು ಬಟ್ಟೆ ವಿಷಯ ಅಂತ ಗೊತ್ತಾದರೆ ಸಿಟ್ಟು ಬರುತ್ತದೆ. ಹೊತ್ತು ನೋಡಿ ಮಾಡಿ. ಮಾರಾಟದವರಿಗೆ ಸಂಜೆ ಅಂದರೆ ಅಂಗಡಿ ಹೊತ್ತು. ಮೊಹರಂ, ದಸರಾ, ಜಾತ್ರೆ ಇರೋ ವಾರವನ್ನು ವಾರ ಅಂತ ಲೆಕ್ಕಕ್ಕೇ ಹಿಡಿಯಬೇಡಿ.

ಮನೆಯವರ ಮೂಲಕ ಹೋಗಲೇಬೇಡಿ. "ಅತ್ತಿಗೆ, ಅಣ್ಣನಿಗೆ ಸ್ವಲ್ಪ ಹೇಳ್ರಿ" ಅಂದರೆ ವ್ಯಾಪಾರದ ಮಾತು ಅಡುಗೆಮನೆಗೆ ಹೋಯಿತು ಅಂತಲೇ ಅರ್ಥ. ಒಂದೇ ಟಿಕ್ ಇದ್ದು, ಫೋನೂ ಸ್ವಿಚ್ ಆಫ್ ಆಗಿದ್ದರೆ ಮಾತ್ರ ಮನೆಗೆ ಫೋನ್ ಮಾಡಿ. ಆಗಲೂ "ಅಣ್ಣ ಆರಾಮ ಇದ್ದಾರಾ" ಅಂತಷ್ಟೇ ಕೇಳಿ. ಬಟ್ಟೆ ಮಾತು ಎತ್ತಬೇಡಿ.

ನನಗೆ ಫೋನ್ ಮಾಡೋ ಪ್ರಸಂಗ ಬರಲಿಲ್ಲ. ಬುಧವಾರ ರಾತ್ರಿ ಅಣ್ಣನ ವಾಯ್ಸ್ ಮೆಸೇಜ್ ಬಂತು, ಹಿಂದೆ ಯಾವುದೋ ಬಸ್ಸಿನ ಹಾರ್ನ್. "ತಮ್ಮಾ, ಹ್ವಾದ ಮಾಲಿನ ರೊಕ್ಕ ಎರಡು ಅಂಗಡಿಯಾಗ ಸಿಕ್ಕಂಡೈತಿ. ನಿನಗ ಹೆಂಗ ಹೇಳ್ಲಿ ಅಂತ ಸುಮ್ನಿದ್ದೆ. ಅರ್ಧಾ ತಗೋ, ಸಾಕು."

ಅಂದರೆ ಒಂದು ವಾರ ಅವರ ಬಾಯಿ ಕಟ್ಟಿದ್ದು ನನ್ನ ಮೊದಲ ಮೆಸೇಜಿನ ಕೊನೇ ಪ್ರಶ್ನೆ, ಹೋದ ಮಾಲಿನ ಲೆಕ್ಕ. ಅದಕ್ಕೆ ನಾನು ಅವತ್ತು ಏನೂ ಬರೆಯಲಿಲ್ಲ. "ಆಯ್ತಣ್ಣ, 300 ಪೀಸಿಗೆ ತಗೋತೀನಿ, ಲೆಕ್ಕ ನೀವು ಬಂದಾಗ ನೋಡೋಣ" ಅಂತಷ್ಟೇ ಹಾಕಿದೆ. ಗುರುವಾರ ಮಧ್ಯಾಹ್ನ 375 ಮೀಟರ್ ಬಟ್ಟೆ ಲಗೇಜ್ ಆಟೋದಲ್ಲಿ ಬಂತು. ಸ್ಟೋನ್ ವಾಶಾ, ಎಂಜೈಮ್ ವಾಶಾ ಅನ್ನೋದಕ್ಕೆ ಅವತ್ತಿನವರೆಗೂ ಉತ್ತರ ಬಂದಿರಲಿಲ್ಲ. ಹೊಲಿಗೆ ಮುಗಿಯೋವರೆಗೆ ನಾನೂ ಕೇಳಲಿಲ್ಲ.